ಒಪೀನಿಯನ್ ಪತ್ರ ತಿದ್ದುವಾಗ ಸಾರಾಂಶದಿಂದ ಶುರು ಮಾಡಿ

ಪ್ರಶ್ನೆ: ಮಡಿಕೇರಿಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್ ಆಗಿದ್ದೇನೆ. ಸೀನಿಯರ್ ಬರೆದ ಒಪೀನಿಯನ್ ಪತ್ರಗಳನ್ನು ಕಳಿಸುವ ಮೊದಲು ನಾನು ಓದಿ ತಿದ್ದಿಕೊಡಬೇಕು. ಹೆಚ್ಚಿನವು ಕಾಫಿ ತೋಟ ಕೊಳ್ಳುವವರಿಗೆ ಬರೆದವು. ಕಾಗುಣಿತವೆಲ್ಲ ಸರಿಮಾಡಿಯೇ ಕಳಿಸುತ್ತೇನೆ, ಆದರೂ ಪಾರ್ಟಿಗಳು ಪತ್ರ ಹಿಡಿದುಕೊಂಡು ಬಂದು "ಕೊನೆಗೆ ತಗೊಳ್ಳಬಹುದೋ ಬೇಡವೋ, ಅದನ್ನು ಹೇಳಿ" ಎನ್ನುತ್ತಾರೆ. ತಲೆಬರಹ, ಧಾಟಿ, ಸಾರಾಂಶ ಇವನ್ನೆಲ್ಲ ಹೇಗೆ ನೋಡಬೇಕು? ನಾನು ಎಷ್ಟರಮಟ್ಟಿಗೆ ಕೈಹಾಕಬಹುದು?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಅದು ಇತ್ಯರ್ಥವಾಗದೆ ಪೆನ್ನು ಹಿಡಿಯುವುದು ಒಳ್ಳೆಯದಲ್ಲ. ಪತ್ರದ ಕೆಳಗೆ ಇರುವುದು ಸೀನಿಯರ್ ಸಹಿ, ಅಭಿಪ್ರಾಯದ ಹೊಣೆಯೂ ಅವರದೇ. ಕಾಗುಣಿತ, ತೊಡಕಾದ ವಾಕ್ಯ, ಪ್ಯಾರಾ ನಂಬರು, ಒಂದೇ ಸಂಗತಿಗೆ ಎರಡು ಹೆಸರು ಬಳಸಿರುವುದು, ಇಂಥವನ್ನು ನೀವೇ ತಿದ್ದಿ. ಅರ್ಥ ಒಂದಿಷ್ಟೇ ಕದಲುವಂತಿದ್ದರೂ ತಿದ್ದಬೇಡಿ, ಪಕ್ಕದಲ್ಲಿ ಪ್ರಶ್ನೆ ಹಾಕಿ. "ಒಪ್ಪಿಗೆ ಪಡೆಯುವುದು ಒಳ್ಳೆಯದು" ಎಂಬುದನ್ನು "ಒಪ್ಪಿಗೆ ಪಡೆಯಬೇಕು" ಎಂದು ಬದಲಿಸಿದರೆ ಓದಲು ಚೆನ್ನಾಗಿರಬಹುದು, ಆದರೆ ಅಷ್ಟಕ್ಕೇ ಸಲಹೆ ಹೋಗಿ ಷರತ್ತು ಬಂದುಬಿಟ್ಟಿತು. ಅದನ್ನು ತೀರ್ಮಾನಿಸುವವರು ಸೀನಿಯರ್.

ಹಾಕುವ ಪ್ರಶ್ನೆಗೂ ಒಂದು ರೀತಿ ಇದೆ. "ಇದು ಸ್ಪಷ್ಟವಿಲ್ಲ" ಎಂದು ಬರೆದರೆ ಅವರು ಇಡೀ ಪುಟ ಮತ್ತೆ ಓದಬೇಕು. "ಸಾರಾಂಶದಲ್ಲಿ ಹಕ್ಕು ಸ್ಪಷ್ಟ ಎಂದಿದೆ, ಪ್ಯಾರಾ 5.3ರಲ್ಲಿ ಇಬ್ಬರ ಒಪ್ಪಿಗೆ ಬಾಕಿ ಎಂದಿದೆ. ಯಾವುದು ಉಳಿಯಬೇಕು?" ಎಂದು ಬರೆದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಈಗ ನಿಮ್ಮ ಮೇಜಿಗೆ ಬರುವಂಥದೇ ಒಂದು ಪತ್ರವನ್ನು ಕಲ್ಪಿಸಿಕೊಂಡು ಮುಂದುವರಿಯೋಣ. ವಿರಾಜಪೇಟೆ ತಾಲ್ಲೂಕಿನಲ್ಲಿ 6 ಎಕರೆ 40 ಸೆಂಟ್ ಕಾಫಿ ತೋಟ, ಕುಟುಂಬ ತಲೆತಲಾಂತರದಿಂದ ಹಿಡಿದುಕೊಂಡು ಬಂದ ಜಮ್ಮಾ ಬಾಣೆ. ಪಹಣಿಯಲ್ಲಿರುವುದು ತೀರಿಹೋದ ಪಟ್ಟೇದಾರರ, ಅಂದರೆ ಕುಟುಂಬದ ಪರವಾಗಿ ಪಟ್ಟೆ ಹೊಂದಿದ್ದವರ ಹೆಸರು, ಅವರು ಮಾರುವವರ ದೊಡ್ಡಪ್ಪ. ಕುಟುಂಬದೊಳಗೆ ಮಾಡಿಕೊಂಡ ನೋಂದಣಿಯಾಗದ ಪಾಲುಪಟ್ಟಿಯ ಆಧಾರದ ಮೇಲೆ ಮಾರುವವರು ತೋಟ ಅನುಭವಿಸುತ್ತಿದ್ದಾರೆ. ದೊಡ್ಡಪ್ಪನ ಇಬ್ಬರು ಮಕ್ಕಳು ಇದ್ದಾರೆ, ಮಾರಾಟಕ್ಕೆ ಅವರು ಇನ್ನೂ ಸಹಿ ಹಾಕಿಲ್ಲ. ಕೊಳ್ಳುವವರು ಕೇಳಿದ್ದು ಎರಡು ಪ್ರಶ್ನೆ: ಮುಂಗಡ ಕೊಡಬಹುದೇ? ತೋಟದ ಮರಗಳೂ ನಮ್ಮದಾಗುತ್ತವೆಯೇ? ಸೀನಿಯರ್ ಒಂಬತ್ತು ಪುಟದ ಪತ್ರ ಬರೆದು ನಿಮ್ಮ ಮುಂದಿಟ್ಟಿದ್ದಾರೆ.

ಮೊದಲ ಪುಟದಿಂದ ಓದಲು ಹೊರಡಬೇಡಿ. ಫೈಲಿನಲ್ಲಿ ಪಾರ್ಟಿ ಬಂದ ದಿನ ಬರೆದುಕೊಂಡ ಟಿಪ್ಪಣಿ ಇರುತ್ತದೆ. ಅದರಿಂದ ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಒಂದು ಚೀಟಿಗೆ ಇಳಿಸಿಕೊಳ್ಳಿ. ಆಮೇಲೆ ಪತ್ರದ ಸಾರಾಂಶವನ್ನಷ್ಟೇ ಓದಿ. ಚೀಟಿಯ ಎರಡು ಪ್ರಶ್ನೆಗೂ ಅಲ್ಲಿ ಉತ್ತರ ಇದೆಯೇ? ನಮ್ಮ ಪತ್ರದ ಸಾರಾಂಶ ಒಂಬತ್ತನೆಯ ಪುಟದಲ್ಲಿ ಹೀಗಿದೆ ಎಂದುಕೊಳ್ಳಿ:

> ಮೇಲ್ಕಂಡ ಎಲ್ಲಾ ದಾಖಲಾತಿಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಸ್ವತ್ತಿನ ಹಕ್ಕು ಸ್ಪಷ್ಟವಾಗಿದ್ದು, ಯಾವುದೇ ಋಣಭಾರಗಳು ಇರುವುದಿಲ್ಲವಾದ್ದರಿಂದ, ಮೇಲೆ ತಿಳಿಸಿದ ಷರತ್ತುಗಳಿಗೆ ಒಳಪಟ್ಟು ಖರೀದಿಸಬಹುದಾಗಿರುತ್ತದೆ.

ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಕಾಗುಣಿತ ನೋಡುವ ಕಣ್ಣಿಗೆ ಇದು ದಾಟಿಹೋಗುತ್ತದೆ. ಆದರೆ ಪಾರ್ಟಿ ಮತ್ತೆ ಕಚೇರಿಗೆ ಬರುವುದು ಈ ವಾಕ್ಯದಿಂದಲೇ. ಮುಂಗಡದ ಮಾತು ಇಲ್ಲಿಲ್ಲ, ಮರಗಳ ಮಾತೂ ಇಲ್ಲ. "ಮೇಲೆ ತಿಳಿಸಿದ ಷರತ್ತುಗಳು" ಯಾವುವು ಎಂದು ಹುಡುಕಿದರೆ ಒಂದು ನಾಲ್ಕನೆಯ ಪುಟದಲ್ಲಿ, ಇನ್ನೊಂದು ಏಳನೆಯ ಪುಟದಲ್ಲಿ. ಮೂರನೆಯದು ಒಂದು ಪ್ಯಾರಾದ ಕೊನೆಯಲ್ಲಿ "ಆದಾಗ್ಯೂ" ಎಂಬ ಮಾತಿನ ಹಿಂದೆ ಅಡಗಿ ಕೂತಿದೆ. ಎಲ್ಲಕ್ಕಿಂತ ಕೆಟ್ಟದ್ದು, ಸಾರಾಂಶ ಒಳಗಿನ ಚರ್ಚೆಗಿಂತ ಗಟ್ಟಿಯಾಗಿ ಮಾತಾಡುತ್ತಿದೆ. ಒಳಗೆ "ಇಬ್ಬರ ಒಪ್ಪಿಗೆ ಇಲ್ಲದೆ ಮಾರಾಟ ಪ್ರಶ್ನೆಗೆ ಒಳಗಾಗಬಹುದು" ಎಂದಿದೆ, ಇಲ್ಲಿ "ಹಕ್ಕು ಸ್ಪಷ್ಟ" ಎಂದಿದೆ. ಪಾರ್ಟಿ ನಂಬುವುದು ಸಾರಾಂಶವನ್ನು. ನಾಳೆ ದೊಡ್ಡಪ್ಪನ ಮಕ್ಕಳು ದಾವೆ ಹಾಕಿದರೆ ಅವರು ಕೈಯಲ್ಲಿ ಹಿಡಿದು ಬರುವುದೂ ಆ ಸಾಲನ್ನೇ.

ಇಂಥ ಸಾಲು ಹೇಗೆ ಬಂತೆಂದು ಗೊತ್ತಿದ್ದರೆ ಹಿಡಿಯುವುದು ಸುಲಭ. ಹೆಚ್ಚಿನ ಕಚೇರಿಗಳಲ್ಲಿ ಸಾರಾಂಶ ಹಳೆಯ ಪತ್ರದಿಂದ ಉಳಿದುಬಂದ ಭಾಗ. ಒಳಗಿನ ಸಂಗತಿ ಬದಲಾಗುತ್ತದೆ, ಕೊನೆಯ ಪ್ಯಾರಾ ಹಾಗೆಯೇ ಇರುತ್ತದೆ. ಆದ್ದರಿಂದ ಎರಡು ಮೂರು ಹಳೆಯ ಪತ್ರಗಳ ಕೊನೆಯ ಪುಟವನ್ನು ಪಕ್ಕದಲ್ಲಿಟ್ಟು ನೋಡಿ. ಅಕ್ಷರಶಃ ಒಂದೇ ಇದ್ದರೆ ಅದನ್ನು ತಿದ್ದುತ್ತಾ ಕೂರಬೇಡಿ, ಹೊಸದಾಗಿ ಬರೆದುಕೊಡಲು ಸೀನಿಯರ್ ಅವರನ್ನು ಕೇಳಿ. ಬೇಕಿದ್ದರೆ ಒಳಗಿನ ಪ್ಯಾರಾಗಳಿಂದಲೇ ಆಯ್ದು ನೀವೊಂದು ಕರಡು ಮಾಡಿಕೊಡಿ, ಹೊಸ ಮಾತು ಸೇರಿಸದೆ.

ಕರಡು ಮಾಡುವಾಗ ಸಾರಾಂಶದ ಪ್ರತಿ ಸಾಲಿನಲ್ಲೂ ಉತ್ತರ ಏನು, ಅದು ಯಾವುದರ ಮೇಲೆ ನಿಂತಿದೆ, ಪಾರ್ಟಿ ಏನು ಮಾಡಬೇಕು, ವಿವರ ಯಾವ ಪ್ಯಾರಾದಲ್ಲಿದೆ ಎಂಬ ನಾಲ್ಕೂ ಇರಲಿ. ನಮ್ಮ ಪತ್ರಕ್ಕೆ ಅದು ಹೀಗೆ ಬರುತ್ತದೆ:

> 2. ನಮ್ಮ ಉತ್ತರ
>
> 2.1 ಈಗ ಮುಂಗಡ ಕೊಡಬೇಡಿ. ಮಾರುವವರೊಬ್ಬರೇ ಸಹಿ ಹಾಕಿದರೆ ನಿಮಗೆ ಇಡೀ 6 ಎಕರೆ 40 ಸೆಂಟ್‌ಗೆ ಹಕ್ಕು ಬರುತ್ತದೆಂದು ಈಗಿರುವ ದಾಖಲೆಗಳಿಂದ ಹೇಳಲಾಗದು. (ಪ್ಯಾರಾ 4)
>
> 2.2 ಪಟ್ಟೇದಾರರ ಇಬ್ಬರು ಮಕ್ಕಳೂ ಕ್ರಯಪತ್ರಕ್ಕೆ ಮಾರಾಟಗಾರರಾಗಿ ಸಹಿ ಹಾಕಲು ಒಪ್ಪಿದರೆ ಮುಂದುವರಿಯಬಹುದು. ಸಾಕ್ಷಿಗಳಾಗಿ ಸಹಿ ಹಾಕಿದರೆ ಸಾಲದು. (ಪ್ಯಾರಾ 5)
>
> 2.3 ಮರಗಳು ನಿಮ್ಮದಾಗುತ್ತವೆಯೇ ಎಂಬುದಕ್ಕೆ ಈಗ ಉತ್ತರಿಸಲಾಗದು. ಭೂಮಿ ರಿಡೀಮ್ಡ್ ಎಂದು ತೋರಿಸುವ ದಾಖಲೆ ನಮಗೆ ಸಿಕ್ಕಿಲ್ಲ. ಅದು ಸಿಗುವವರೆಗೆ ಮರದ ಬೆಲೆ ಸೇರಿಸಿ ದರ ಮಾತಾಡಬೇಡಿ. (ಪ್ಯಾರಾ 6)
>
> 2.4 1-4-1994ರಿಂದ 31-3-2024ರವರೆಗಿನ ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ನೋಂದಾಯಿತ ಋಣಭಾರ ಕಂಡಿಲ್ಲ. ಆಮೇಲಿನ ಅವಧಿಗೆ ಹೊಸ ಇಸಿ ತೆಗೆಸಬೇಕು. (ಪ್ಯಾರಾ 7)

ಈ ನಾಲ್ಕು ಸಾಲು ಓದಿದವರು "ತಗೊಳ್ಳಬಹುದೋ ಬೇಡವೋ" ಎಂದು ಕೇಳಲು ಬರುವುದಿಲ್ಲ. ಬಂದರೆ "ಆ ಇಬ್ಬರನ್ನು ಒಪ್ಪಿಸಿದ್ದೇವೆ, ಮುಂದೇನು" ಎಂದು ಬರುತ್ತಾರೆ. 2.3ರಲ್ಲಿ "ಉತ್ತರಿಸಲಾಗದು" ಎಂದು ಬರೆದಿರುವುದನ್ನು ಗಮನಿಸಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾರಾಂಶದಿಂದ ಕೈಬಿಡುವುದು ಬಹಳ ಕಡೆ ಕಾಣುವ ಕೊರತೆ. ಕೈಬಿಟ್ಟರೆ ಪಾರ್ಟಿ ತನಗೆ ಬೇಕಾದ ಉತ್ತರವನ್ನು ತಾನೇ ತುಂಬಿಕೊಳ್ಳುತ್ತಾರೆ. ಅದರಲ್ಲೂ ಕೊಡಗಿನಲ್ಲಿ ಮರದ ವಿಷಯ ಬಿಡುವಂತೆಯೇ ಇಲ್ಲ. ಅನ್‌ರಿಡೀಮ್ಡ್ ಭೂಮಿ ಎಂದರೆ ಮರದ ಬೆಲೆ ಸರ್ಕಾರಕ್ಕೆ ಸಂದಾಯವಾಗದ ಭೂಮಿ. ಅಲ್ಲಿನ ಮರಗಳನ್ನು ತೋಟದ ಜೊತೆ ಬಂದವೆಂದು ಎಣಿಸಿ ದರ ಕಟ್ಟಿದರೆ ಕೊಳ್ಳುವವರಿಗೆ ದೊಡ್ಡ ಪೆಟ್ಟು.

ಸಾರಾಂಶದ ಜಾಗ ಎಲ್ಲಿ? ಪಾರ್ಟಿಯ ಪ್ರಶ್ನೆಗಳ ಕೆಳಗೆ, ಮೊದಲ ಪುಟದಲ್ಲೇ. ಕೊನೆಯಲ್ಲಿ ಬರೆಯುವ ರೂಢಿ ತೀರ್ಪು ಓದಿ ಓದಿ ಬಂದದ್ದು. ತೀರ್ಪಿನಲ್ಲಿ ಆದೇಶ ಕೊನೆಗೆ ಬರುತ್ತದೆ, ಅಲ್ಲಿ ಕಾರಣಗಳನ್ನು ಮೊದಲು ಹೇಳಲೇಬೇಕು. ಪಾರ್ಟಿಗೆ ಬರೆಯುವ ಪತ್ರಕ್ಕೆ ಆ ಕಟ್ಟುಪಾಡಿಲ್ಲ. ಸೀನಿಯರ್ ಕೊನೆಯಲ್ಲೇ ಇರಲಿ ಎಂದರೆ ವಾದ ಮಾಡಬೇಡಿ. ಮೊದಲ ಪುಟದಲ್ಲಿ "ನಮ್ಮ ತೀರ್ಮಾನಗಳು ಪ್ಯಾರಾ 9ರಲ್ಲಿವೆ" ಎಂಬ ಒಂದು ಸಾಲಾದರೂ ಹಾಕಿಸಿ.

ಸಾರಾಂಶವಾದ ಮೇಲೆ ತಲೆಬರಹಗಳನ್ನಷ್ಟೇ ಓದಿ, ಒಳಗಿನದನ್ನು ಬಿಟ್ಟು. ವರ್ಡ್‌ನಲ್ಲಿ ತಲೆಬರಹಗಳಿಗೆ Heading ಸ್ಟೈಲ್ ಕೊಟ್ಟಿದ್ದರೆ Ctrl+F ಒತ್ತಿ, ಎಡಗಡೆ ತೆರೆಯುವ ಪಟ್ಟಿಯಲ್ಲಿ Headings ಆರಿಸಿದರೆ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಬರೀ ಬೋಲ್ಡ್ ಮಾಡಿದ್ದರೆ ಏನೂ ಕಾಣುವುದಿಲ್ಲ, ಆಗ ಮೊದಲು ಸ್ಟೈಲ್ ಹಾಕಿಕೊಳ್ಳಿ. ನಮ್ಮ ಪತ್ರದಲ್ಲಿ "ಪೀಠಿಕೆ", "ಸಂಗತಿಗಳು", "ದಾಖಲಾತಿಗಳ ಪಟ್ಟಿ", "ಹಕ್ಕು ಮೂಲ", "ಕಾನೂನು ಚರ್ಚೆ", "ಇತರೆ", "ಉಪಸಂಹಾರ" ಎಂದಿವೆ. ಈ ಏಳು ತಲೆಬರಹಗಳನ್ನು ಬೇರೆ ಯಾವ ತೋಟದ ಪತ್ರಕ್ಕೆ ಅಂಟಿಸಿದರೂ ಹೊಂದುತ್ತವೆ, ಅಂದರೆ ಈ ತೋಟದ ಬಗ್ಗೆ ಅವು ಏನನ್ನೂ ಹೇಳುತ್ತಿಲ್ಲ. "ಇತರೆ" ಎಂದು ಕಂಡ ಕೂಡಲೇ ಅದರ ಕೆಳಗಿನದನ್ನು ಎಚ್ಚರದಿಂದ ಓದಿ. ಎಲ್ಲಿಗೂ ಸೇರದ ಸಂಗತಿಗಳನ್ನು ಅಲ್ಲಿ ತುಂಬಿರುತ್ತಾರೆ. ಪಾರ್ಟಿ ಕೇಳಿದ್ದ ಮರಗಳ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಸಿಗುವುದೂ ಅಲ್ಲೇ.

ತಲೆಬರಹ ಅದರ ಕೆಳಗೆ ಏನು ಗೊತ್ತಾಯಿತೆಂದು ಹೇಳಬೇಕು. "ಹಕ್ಕು ಮೂಲ" ಎನ್ನುವಲ್ಲಿ "ಪಹಣಿಯಲ್ಲಿ ಮಾರುವವರ ಹೆಸರಿಲ್ಲ". "ಕಾನೂನು ಚರ್ಚೆ" ಎನ್ನುವಲ್ಲಿ "ಪಟ್ಟೇದಾರರ ಮಕ್ಕಳ ಸಹಿಯೂ ಬೇಕು". "ಇತರೆ" ಎನ್ನುವಲ್ಲಿ "ಮರಗಳ ಹಕ್ಕಿಗೆ ಬೇರೆ ದಾಖಲೆ ಬೇಕು". "ದಾಖಲಾತಿಗಳ ಪಟ್ಟಿ" ಎಂಬುದನ್ನು "ನಾವು ನೋಡಿದ ದಾಖಲೆಗಳು, ನಮಗೆ ಸಿಗದವು" ಎಂದು ಮಾಡಿದರೆ ಬರೆಯುವವರಿಗೂ ಒಂದು ಲಾಭ ಉಂಟು: ಸಿಗದ ದಾಖಲೆಗಳ ಪಟ್ಟಿಯನ್ನು ಕೊಡಲೇಬೇಕಾಗುತ್ತದೆ. ಪಹಣಿ, ಮ್ಯುಟೇಷನ್, ಇಸಿ ನೋಡಿದ್ದೇವೆ ಎಂದು ಬರೆಯುವುದು ಎಲ್ಲರಿಗೂ ಅಭ್ಯಾಸ. ನೋಂದಣಿಯಾಗದ ಪಾಲುಪಟ್ಟಿಯ ಜೆರಾಕ್ಸ್ ಮಾತ್ರ ನೋಡಿದ್ದೇವೆ, ಮೂಲ ನೋಡಿಲ್ಲ ಎಂಬುದನ್ನು ಕೇಳಿ ಹಾಕಿಸಬೇಕಾಗುತ್ತದೆ.

ತಲೆಬರಹವನ್ನು ಹೀಗೆ ತಿದ್ದುವಾಗ ಒಂದು ಅಪಾಯವಿದೆ. ಚುಟುಕಾಗಿಸುವ ಭರದಲ್ಲಿ ಅದು ಪ್ಯಾರಾಗಿಂತ ಹೆಚ್ಚು ಹೇಳಿಬಿಡುತ್ತದೆ. "ಮಾರುವವರಿಗೆ ಹಕ್ಕಿಲ್ಲ" ಎಂಬುದು "ಪಹಣಿಯಲ್ಲಿ ಮಾರುವವರ ಹೆಸರಿಲ್ಲ" ಎಂಬುದಕ್ಕಿಂತ ಚಿಕ್ಕದು, ಆದರೆ ಬೇರೆಯೇ ಮಾತು. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 133ನೇ ಕಲಂ ಪ್ರಕಾರ ಹಕ್ಕು ದಾಖಲೆಯಲ್ಲಿ ಇರುವುದನ್ನು ವಿರುದ್ಧವಾಗಿ ಸಾಬೀತಾಗುವ ತನಕ ಸರಿ ಎಂದು ಊಹಿಸಬೇಕು, ಅಷ್ಟೇ. ಸಾಬೀತಿಗೆ ಬಾಗಿಲು ತೆರೆದೇ ಇದೆ. ಹೆಸರಿಲ್ಲ ಎಂದರೆ ಪಾಲೇ ಇಲ್ಲ ಎಂದಲ್ಲ. ಅದರಲ್ಲೂ ಜಮ್ಮಾ ಹಿಡುವಳಿಯಲ್ಲಿ ಪಟ್ಟೇದಾರರ ಹೆಸರಿನ ಹಿಂದೆ ಕುಟುಂಬದ ಹಲವರ ಪಾಲು ಇರುತ್ತದೆ. ಹಾಗಾಗಿ ಪಟ್ಟೇದಾರರನ್ನು ಒಂದು ಕಡೆ ಪಟ್ಟೇದಾರ, ಇನ್ನೊಂದು ಕಡೆ ಖಾತೆದಾರ, ಮತ್ತೊಂದು ಕಡೆ ಮಾಲೀಕ ಎಂದು ಬರೆದಿದ್ದರೆ ಮೂರನ್ನೂ ಗುರುತುಮಾಡಿ ಕೇಳಿ. ಪತ್ರದುದ್ದಕ್ಕೂ ಒಂದೇ ಹೆಸರು ಇರಲಿ.

ಈಗ ಒಳಗಿನ ಓದು. ಇಲ್ಲಿ ನೀವು ನೋಡಬೇಕಾದ ಧಾಟಿ ಎಂದರೆ ಮುಖ್ಯವಾಗಿ ಖಚಿತತೆಯ ಅಳತೆ. ವಕೀಲರ ಪತ್ರದಲ್ಲಿ ಮೂರು ಮಟ್ಟದ ಮಾತುಗಳು ಬರುತ್ತವೆ: ದಾಖಲೆಯಲ್ಲಿ ಕಂಡದ್ದು, ಕಂಡದ್ದರಿಂದ ತೀರ್ಮಾನಿಸಿದ್ದು, ಬೇರೆಯವರು ಹೇಳಿದ್ದು. ಮೂರಕ್ಕೂ ಒಂದೇ ಕ್ರಿಯಾಪದ ಬಳಸಿದರೆ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. "ಮಾರುವವರು 1998ರಿಂದ ತೋಟದ ಸ್ವಾಧೀನದಲ್ಲಿದ್ದಾರೆ" ಎಂಬ ವಾಕ್ಯ ನಮ್ಮ ಪತ್ರದಲ್ಲಿದೆ ಎನ್ನಿ. ಇದು ಎಲ್ಲಿಂದ ಬಂತು? ಪಹಣಿಯಿಂದಲೋ, ಮಾರುವವರ ಬಾಯಿಂದಲೋ? ಫೈಲ್ ನೋಡಿದರೆ ಮಾರುವವರೇ ಹೇಳಿದ್ದು. ಹಾಗಾದರೆ "1998ರಿಂದ ತಾವೇ ಸ್ವಾಧೀನದಲ್ಲಿದ್ದೇವೆಂದು ಮಾರುವವರು ಹೇಳುತ್ತಾರೆ. ಇದನ್ನು ತೋರಿಸುವ ದಾಖಲೆ ನಾವು ನೋಡಿಲ್ಲ" ಎಂದಾಗಬೇಕು. ನಾಲ್ಕು ಪದ ಹೆಚ್ಚಾದರೂ ಚಿಂತೆಯಿಲ್ಲ.

ಇಸಿಯ ವಾಕ್ಯದಲ್ಲೂ ಇದೇ ತಪ್ಪು. "ಯಾವುದೇ ಋಣಭಾರ ಇಲ್ಲ" ಎಂದು ಇಸಿ ಹೇಳುವುದಿಲ್ಲ. ಕೇಳಿದ ಅವಧಿಯಲ್ಲಿ ಸಬ್ ರಿಜಿಸ್ಟ್ರಾರ್ ಪುಸ್ತಕದಲ್ಲಿ ದಾಖಲಾದ ವ್ಯವಹಾರಗಳನ್ನಷ್ಟೇ ಅದು ತೋರಿಸುತ್ತದೆ. ನೋಂದಣಿಯಾಗದ ಪಾಲುಪಟ್ಟಿ ಅದರಲ್ಲಿ ಬರುವುದಿಲ್ಲ. ಕೋರ್ಟಿನಲ್ಲಿ ಬಾಕಿ ಇರುವ ದಾವೆಯೂ ಅಲ್ಲಿ ಕಾಣಬೇಕೆಂದಿಲ್ಲ. ಆದ್ದರಿಂದ ಅವಧಿ ಹೇಳಿ, "ನೋಂದಾಯಿತ" ಎಂಬ ಪದ ಹಾಕಿ, "ಕಂಡಿಲ್ಲ" ಎಂದು ಮುಗಿಸಬೇಕು. ಪತ್ರದ ತಾರೀಖಿಗೂ ಇಸಿಯ ಕೊನೆಯ ತಾರೀಖಿಗೂ ನಡುವೆ ಎಷ್ಟು ಅಂತರವಿದೆ ಎಂದು ಲೆಕ್ಕ ಹಾಕಿ, ಆ ಅಂತರವನ್ನು ಪತ್ರ ಎಲ್ಲಾದರೂ ಹೇಳಿದೆಯೇ ನೋಡಿ. ಜೊತೆಗೆ ಪಹಣಿಯ 11ನೇ ಕಾಲಂ ಅನ್ನು ನೀವೇ ತೆರೆದು ನೋಡಿ. ಸಾಲದ ನಮೂದು ಅಲ್ಲಿದ್ದು ಪತ್ರದಲ್ಲಿ "ಋಣಭಾರ ಇಲ್ಲ" ಎಂದಿದ್ದರೆ ಪತ್ರ ಅಲ್ಲಿಗೇ ನಿಲ್ಲಬೇಕು.

ಇದರ ವಿರುದ್ಧ ದಿಕ್ಕಿನ ದೋಷವೂ ಇದೆ. "ಸಾಧ್ಯತೆ ಇರಬಹುದೆಂದು ಮೇಲ್ನೋಟಕ್ಕೆ ತೋರಿಬರುತ್ತದೆ" ಎಂಬ ವಾಕ್ಯದಲ್ಲಿ ಅನುಮಾನದ ಮಾತು ನಾಲ್ಕು ಸಲ ಬಂದಿದೆ. ಒಂದು ಸಾಕು. ಯಾವುದನ್ನು ಉಳಿಸಬೇಕೆಂಬುದು ಮಾತ್ರ ನಿಮ್ಮ ಕೆಲಸವಲ್ಲ, ಸೀನಿಯರ್ ಅವರನ್ನೇ ಕೇಳಿ. ಅನುಮಾನಕ್ಕೆ ಕಾರಣ ಹೇಳಿದ್ದರೆ ಓದುವವರು ಸಹಿಸುತ್ತಾರೆ. "ಮೂಲ ಪಾಲುಪಟ್ಟಿ ನೋಡದ ಕಾರಣ ಖಚಿತವಾಗಿ ಹೇಳಲಾಗದು" ಎಂಬುದು ಗೌರವದ ಮಾತು. ಕಾರಣವಿಲ್ಲದ "ಬಹುದು"ಗಳು ಸಾಲುಗಟ್ಟಿ ನಿಂತಾಗ ವಕೀಲರು ಜಾರಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ.

ಮಾರುವವರ ಬಗ್ಗೆ ಬಳಸಿದ ಪದಗಳನ್ನೂ ನೋಡಿ. ವಕೀಲರು ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಕಾನೂನಿನ ರಕ್ಷಣೆ ಇದೆ, ನಿಜ. ಆದರೆ ಪಾರ್ಟಿ ತಾನಾಗಿ ಪತ್ರವನ್ನು ಬೇರೆಯವರಿಗೆ ತೋರಿಸುವುದನ್ನು ಯಾರೂ ತಡೆಯಲಾರರು. ದರ ಇಳಿಸಲೆಂದೇ ಮಾರುವವರ ಮುಂದೆ ಇಡುವವರಿದ್ದಾರೆ. ಕೊಡಗಿನಂಥ ಚಿಕ್ಕ ಜಿಲ್ಲೆಯಲ್ಲಿ ಎರಡೂ ಕಡೆಯವರು ಒಂದೇ ಮದುವೆಯಲ್ಲಿ ಎದುರಾಗುತ್ತಾರೆ. "ಮಾರುವವರು ವಾಸ್ತವವನ್ನು ಮರೆಮಾಚಿದ್ದಾರೆ" ಎಂದಿದ್ದರೆ ಅದಕ್ಕೆ ಆಧಾರವೇನೆಂದು ಕೇಳಿ. "ಪಾಲುಪಟ್ಟಿಯ ಮೂಲವನ್ನು ಕೇಳಿದೆವು, ಈವರೆಗೆ ಬಂದಿಲ್ಲ" ಎಂದು ಬರೆದರೆ ಸಂಗತಿಯೂ ಉಳಿಯಿತು, ಯಾರ ಮೇಲೂ ಆರೋಪ ಬರಲಿಲ್ಲ.

ಪಾರ್ಟಿಯನ್ನು ಪತ್ರದುದ್ದಕ್ಕೂ "ನೀವು" ಎಂದೇ ಕರೆಯಲಿ. "ಸದರಿ ಕಕ್ಷಿದಾರರು ಸದರಿ ಸ್ವತ್ತನ್ನು" ಎಂದು ಬಂದರೆ ಅದು ದಾವೆಪತ್ರದ ಭಾಷೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಮಾತಾಡುವ ಎಷ್ಟೋ ಪಾರ್ಟಿಗಳಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಅವರು ಕನ್ನಡವನ್ನು ಚೆನ್ನಾಗಿಯೇ ಓದುತ್ತಾರೆ. "ಪರಿಶೀಲಿಸಲಾಗಿ", "ಇರುವುದಿಲ್ಲವಾದ್ದರಿಂದ", "ಬಾಧ್ಯಸ್ಥರಾಗಿರತಕ್ಕದ್ದು" ಎಂಬ ಕಚೇರಿ ಕನ್ನಡದಲ್ಲಿ ಮಾತ್ರ ಎಡವುತ್ತಾರೆ. ನೀವು ಧೈರ್ಯವಾಗಿ ತಿದ್ದಬಹುದಾದ ಜಾಗ ಇದೇ. "ದಾಖಲೆಗಳನ್ನು ನೋಡಿದೆವು", "ಇಲ್ಲದ ಕಾರಣ", "ಕೊಡಬೇಕಾಗುತ್ತದೆ" ಎಂದರೆ ಕಾನೂನಿನ ಅರ್ಥ ಒಂದಿಷ್ಟೂ ಕೆಡುವುದಿಲ್ಲ. ಪಹಣಿ, ಇಸಿ, ಪಟ್ಟೇದಾರ, ರಿಡೀಮ್ಡ್ ಮುಂತಾದ ಪದಗಳನ್ನು ಮುಟ್ಟಬೇಡಿ. ಅವಕ್ಕೆ ಬದಲಿ ಹುಡುಕಿದರೆ ಗೊಂದಲ ಹೆಚ್ಚುತ್ತದೆ. ಮೊದಲ ಸಲ ಬಂದಾಗ ಅರ್ಧ ವಾಕ್ಯದ ವಿವರಣೆ ಇದೆಯೇ ಎಂದು ನೋಡಿದರೆ ಆಯಿತು.

ಅಂಕಿಗಳನ್ನು ಪ್ರತ್ಯೇಕವಾಗಿ, ಒಂದೇ ಕೂರಿಕೆಯಲ್ಲಿ ನೋಡಿ. ವಾಕ್ಯ ಓದುತ್ತಾ ಅಂಕಿ ನೋಡಿದರೆ ಎರಡೂ ತಪ್ಪುತ್ತವೆ. ಪಹಣಿಯನ್ನು ಪಕ್ಕದಲ್ಲಿಟ್ಟು ಸರ್ವೆ ನಂಬರು, ವಿಸ್ತೀರ್ಣ, ತಾರೀಖು ಇವನ್ನು ಪತ್ರದಲ್ಲಿ ಬಂದ ಪ್ರತಿ ಜಾಗದಲ್ಲೂ ತಾಳೆ ಹಾಕಿ: ಸಾರಾಂಶ, ಒಳಗಿನ ಪ್ಯಾರಾ, ಕೊನೆಯ ಷೆಡ್ಯೂಲ್. ಮೈಸೂರು ಕಡೆಯ ಮಾದರಿ ಪತ್ರದಿಂದ ಬಂದ ಷೆಡ್ಯೂಲಿನಲ್ಲಿ "6 ಎಕರೆ 40 ಗುಂಟೆ" ಎಂದು ಉಳಿದಿರುವುದುಂಟು. ಎಕರೆಗೆ 40 ಗುಂಟೆಯಾದ್ದರಿಂದ ಅದು 7 ಎಕರೆ ಆಗಿಬಿಟ್ಟಿತು. ನಮ್ಮಲ್ಲಿ ಎಕರೆಗೆ 100 ಸೆಂಟ್ ಲೆಕ್ಕ. 40 ಸೆಂಟ್ ಎಂದರೆ 16 ಗುಂಟೆ. 6.40 ಹೋಗಿ 6.04 ಆಗುವುದೂ ಸಾಮಾನ್ಯ. ಕನ್ನಡ ಅಂಕಿ, ಇಂಗ್ಲಿಷ್ ಅಂಕಿ ಬೆರೆತಿದ್ದರೆ ಹುಡುಕಾಟದಲ್ಲಿ ಅರ್ಧದಷ್ಟು ಸಿಗುವುದೇ ಇಲ್ಲ, ಮೊದಲು ಒಂದೇ ಬಗೆಗೆ ತನ್ನಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಾಯಿಸಿಯೇ ಓದಿ. ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ, ಆದ್ದರಿಂದ ಹೆಸರುಗಳನ್ನು ಮತ್ತೊಮ್ಮೆ ನೋಡಿ.

ಕಾನೂನಿನ ಕಲಂಗಳ ಸರಿತಪ್ಪು ನಿಮ್ಮ ಹೊಣೆಯಲ್ಲ. ಆದರೆ ಮಾದರಿ ಪತ್ರದಿಂದ ಉಳಿದುಬಂದ ಹಳೆಯ ಸಾಲುಗಳನ್ನು ಮೊದಲು ಕಾಣುವವರು ನೀವೇ. ಎರಡನ್ನು ನೆನಪಿನಲ್ಲಿಡಿ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವಂತಿಲ್ಲ ಎಂದು ಭೂ ಸುಧಾರಣಾ ಅಧಿನಿಯಮದ 79ಎ, 79ಬಿ ಕಲಂಗಳನ್ನು ಹೇಳುವ ಪ್ಯಾರಾ ಇನ್ನೂ ಇದ್ದರೆ ಗುರುತುಮಾಡಿ, 2020ರ ತಿದ್ದುಪಡಿಯಲ್ಲಿ ಆ ಕಲಂಗಳನ್ನು ತೆಗೆದಿದ್ದಾರೆ. ಪತ್ರದ ತಲೆಯಲ್ಲಿ ಗೌಪ್ಯತೆಯ ಸಾಲಿಗೆ ಸಾಕ್ಷ್ಯ ಅಧಿನಿಯಮ 1872ರ 126ನೇ ಕಲಂ ಹಾಕಿದ್ದರೆ ಅದನ್ನೂ ಗುರುತುಮಾಡಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಜಾರಿಯಲ್ಲಿದೆ, ಅದರಲ್ಲಿ ಈ ವಿಷಯ 132ನೇ ಕಲಂನಲ್ಲಿದೆ.

ಸಾರಾಂಶವನ್ನು ಮುಂದಕ್ಕೆ ತಂದಾಗ ಎಲ್ಲ ಪ್ಯಾರಾ ನಂಬರೂ ಬದಲಾಗುತ್ತವೆ. "ಪ್ಯಾರಾ 5 ನೋಡಿ" ಎಂದು ಕೈಯಲ್ಲಿ ಟೈಪ್ ಮಾಡಿದ್ದರೆ ಅದು ಹಾಗೆಯೇ ನಿಂತು ಪಾರ್ಟಿಯನ್ನು ತಪ್ಪು ಜಾಗಕ್ಕೆ ಕಳಿಸುತ್ತದೆ. ವರ್ಡ್‌ನ Cross-reference ಬಳಸಿದ್ದರೆ Ctrl+A, ಆಮೇಲೆ F9 ಒತ್ತಿದರೆ ಸರಿಹೋಗುತ್ತದೆ. ಎಲ್ಲಾದರೂ "Error! Reference source not found." ಎಂದು ಬಂದರೆ ಆ ಪ್ಯಾರಾವನ್ನೇ ಯಾರೋ ಅಳಿಸಿದ್ದಾರೆ ಎಂದರ್ಥ.

ಎಲ್ಲ ತಿದ್ದಿದ ಮೇಲೆ ಸಾರಾಂಶಕ್ಕೆ ಮರಳಿ. ಪ್ರತಿ ಸಾಲಿನ ಮುಂದಿರುವ ಪ್ಯಾರಾ ನಂಬರಿಗೆ ಹೋಗಿ, ಅಲ್ಲಿರುವ ಮಾತು ಇಲ್ಲಿರುವ ಮಾತಿನಷ್ಟೇ ಗಟ್ಟಿಯಾಗಿದೆಯೇ ಎಂದು ಬೆರಳಿಟ್ಟು ನೋಡಿ. ಆಮೇಲೆ ತಿರುವು ದಾರಿಯಲ್ಲಿ ಬನ್ನಿ: ಒಳಗೆ "ಬೇಕು", "ಬೇಡಿ", "ಹೊರತು", "ಆದಾಗ್ಯೂ" ಎಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ನಿಂತು, ಆ ಷರತ್ತು ಸಾರಾಂಶಕ್ಕೆ ಬಂದಿದೆಯೇ ನೋಡಿ. ನಮ್ಮ ಪತ್ರದಲ್ಲಿ ಈ ತಿರುವು ಓದಿನಲ್ಲಿ ಒಂದು ಸಿಕ್ಕುತ್ತದೆ. ಪ್ಯಾರಾ 4ರ ಕೊನೆಯಲ್ಲಿ "ಆದಾಗ್ಯೂ ಸರ್ವೆ ಮಾಡಿಸಿ ಗಡಿ ಗುರುತಿಸದೆ ಕ್ರಯಪತ್ರ ಮಾಡಿಕೊಳ್ಳಬಾರದು" ಎಂದಿದೆ, ಸಾರಾಂಶದ ನಾಲ್ಕು ಸಾಲಿನಲ್ಲಿ ಎಲ್ಲೂ ಗಡಿಯ ಮಾತಿಲ್ಲ. 2.5 ಎಂದು ಸೇರಿಸಬೇಕೇ ಎಂದು ಪಕ್ಕದಲ್ಲಿ ಕೇಳಿ.

ಸೀನಿಯರ್ ಉತ್ತರಿಸಿದ ಮೇಲೆ ಟ್ರ್ಯಾಕ್ ಮಾಡಿದ ತಿದ್ದುಪಡಿಗಳನ್ನೆಲ್ಲ ಒಪ್ಪಿಕೊಂಡು, ಕಾಮೆಂಟ್‌ಗಳನ್ನು ಅಳಿಸಿ, File, Info, Check for Issues, Inspect Document ಎಂಬಲ್ಲಿಗೆ ಹೋಗಿ ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನೀವು ಕೇಳಿದ "ಮಾರುವವರು ಹೇಳಿದ್ದು ನಿಜವೇ?" ಎಂಬ ಕಾಮೆಂಟ್ ಪಾರ್ಟಿಯ ಕೈಸೇರಬಾರದು. ಕಳಿಸುವುದು ಪಿಡಿಎಫ್ ಆಗಿರಲಿ. ಪಾರ್ಟಿಗಳು ಮೊದಲ ಪುಟದ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಅಣ್ಣತಮ್ಮಂದಿರಿಗೆ, ಬ್ರೋಕರ್‌ಗೆ ಕಳಿಸುತ್ತಾರೆ. ಆದ್ದರಿಂದ ಪತ್ರದ ತಾರೀಖು, "ಪ್ಯಾರಾ 3ರಲ್ಲಿ ಹೇಳಿದ ದಾಖಲೆಗಳನ್ನಷ್ಟೇ ನೋಡಿ ಕೊಟ್ಟ ಅಭಿಪ್ರಾಯ" ಎಂಬ ಸಾಲು, ಸಾರಾಂಶದ ಐದೂ ಅಂಶಗಳು ಆ ಒಂದೇ ಪುಟದಲ್ಲಿ ಬಂದಿರಬೇಕು. 2.2ರ ಅರ್ಧ ವಾಕ್ಯ ಎರಡನೆಯ ಪುಟಕ್ಕೆ ಜಾರಿದ್ದರೆ ವಿಳಾಸದ ಭಾಗದ ಖಾಲಿ ಸಾಲುಗಳನ್ನು ಕಡಿಮೆ ಮಾಡಿ ಮೇಲೆ ತನ್ನಿ.